ಸದ್ದು ಮಾಡುವ ಹಕ್ಕು ಯಾರಿಗೆ?

ಹೊಸ ಫೋನಿನ ಕಣ್ಣಿಗೆ ಎಲ್ಲರೂ ಸಮಾನರು. ಮಗಳ ಸಂದೇಶಕ್ಕೂ, ಆಫೀಸಿನ ಇಮೇಲಿಗೂ, ಎಂದೋ ಒಮ್ಮೆ ಆಡಿ ಮರೆತ ಆಟ 'ಯಾಕೆ ಈ ಕಡೆ ಬರಲೇ ಇಲ್ಲ' ಎಂದು ತೋಡಿಕೊಳ್ಳುವ ಗೋಳಿಗೂ ಅದು ಒಂದೇ 'ಟಿಣ್' ಅನ್ನುತ್ತದೆ. ರಾತ್ರಿ ಎರಡು ಗಂಟೆಗೆ ಆ ಟಿಣ್ ಕೇಳಿದರೆ ಎದ್ದು ನೋಡದೆ ವಿಧಿಯಿಲ್ಲ. ಬಂದದ್ದು ಯಾರೆಂದು ಸದ್ದು ಹೇಳುವುದಿಲ್ಲವಲ್ಲ. ನೋಡಿದರೆ ಶೇಕಡಾ ನಲವತ್ತು ರಿಯಾಯಿತಿ! ಬೇಸತ್ತವರು ಮರುದಿನದಿಂದ ಫೋನನ್ನು ಸೈಲೆಂಟ್‌ಗೆ ಹಾಕಿ ಮಲಗುತ್ತಾರೆ. ಅದೂ ಸಮಾನತೆಯೇ. ಈಗ ರಿಯಾಯಿತಿಯವರ ಬಾಯಿಯ ಜೊತೆಗೆ ಅಮ್ಮನ ಬಾಯಿಯೂ ಮುಚ್ಚಿತು.

ಇವೆರಡರ ನಡುವೆ ಇರುವುದು Do Not Disturb. ಹೆಸರು ಕೇಳಿ ಇದೂ ಸೈಲೆಂಟಿನ ತಮ್ಮನೇ ಇರಬೇಕೆಂದು ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. ಸೈಲೆಂಟ್ ಎಂದರೆ ಗಂಟೆಯನ್ನೇ ಕಿತ್ತಿಟ್ಟಂತೆ. ಇದು ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತ ಕಾವಲುಗಾರ. ಪಟ್ಟಿಯಲ್ಲಿ ಹೆಸರಿದ್ದರೆ ಒಳಗೆ ಬಿಡುತ್ತಾನೆ, ಇಲ್ಲದಿದ್ದರೆ ಬೆಳಗಿನವರೆಗೆ ಹೊರಗೆ ಕೂರಿಸುತ್ತಾನೆ. ಕಾವಲುಗಾರ ನಿಯತ್ತಿನವನೇ. ತೊಂದರೆ ಏನಿದ್ದರೂ ನಾವು ಬರೆದುಕೊಟ್ಟ ಪಟ್ಟಿಯದು.

ಆದ್ದರಿಂದ ಸೆಟ್ಟಿಂಗ್ಸ್ ತೆರೆಯುವ ಮೊದಲು ಪಟ್ಟಿ ಆಗಲಿ. ಒಬ್ಬರ ಮನೆಯ ಲೆಕ್ಕ ಹಾಕೋಣ. ವಯಸ್ಸಾದ ತಾಯಿ ಬೇರೆ ಊರಿನಲ್ಲಿದ್ದಾರೆ, ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸು ಇದ್ದಾಳೆ. ಮಗಳು ಹಾಸ್ಟೆಲ್‌ನಲ್ಲಿ. ಜೊತೆಗೆ ಆಫೀಸಿನ ಸರ್ವರ್ ಕೆಟ್ಟರೆ ಕರೆಯುವ ಸಹೋದ್ಯೋಗಿ, ಅದೂ ಇವರ ಪಾಳಿಯ ವಾರದಲ್ಲಿ ಮಾತ್ರ. ರಾತ್ರಿ ಇವರನ್ನು ಎಬ್ಬಿಸಬಹುದಾದವರು ಈ ನಾಲ್ವರೇ. ಆದರೆ ಹೆಸರು ಬರೆದರೆ ಅರ್ಧ ಕೆಲಸವಷ್ಟೇ ಆಯಿತು. ಈ ನಾಲ್ವರು ಕರೆ ಮಾಡಿದರೆ ಫೋನು ರಿಂಗಾಗಬೇಕೋ, ಸಂದೇಶ ಕಳಿಸಿದರೂ ಸದ್ದಾಗಬೇಕೋ ಎಂಬುದು ಇನ್ನರ್ಧ. ರಾತ್ರಿಗೆ ಕರೆ ಮಾತ್ರ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಿಜವಾದ ತುರ್ತು ಬಂದವರು ಟೈಪ್ ಮಾಡುತ್ತಾ ಕೂರುವುದಿಲ್ಲ, ಕರೆ ಮಾಡುತ್ತಾರೆ. ಸಂದೇಶಕ್ಕೂ ಬಾಗಿಲು ತೆರೆದಿರೋ, ರಾತ್ರಿ ಒಂದಕ್ಕೆ ಮಗಳು ಕಳಿಸಿದ ನಗುವ ಬೆಕ್ಕಿನ ವಿಡಿಯೊ ಕೂಡ ತುರ್ತಿನ ಸಾಲಿಗೇ ಸೇರುತ್ತದೆ.

ಆಂಡ್ರಾಯ್ಡ್ ಫೋನಿನಲ್ಲಿ ಮೊದಲು ಕಾಂಟ್ಯಾಕ್ಟ್ಸ್ ತೆರೆದು ಈ ನಾಲ್ವರ ಹೆಸರಿಗೆ ನಕ್ಷತ್ರ ಒತ್ತಬೇಕು. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ Do Not Disturb ಎಂದು ಹುಡುಕಿ. ಅದು ಕೆಲವು ಫೋನುಗಳಲ್ಲಿ ಸೌಂಡ್‌ನ ಒಳಗಿರುತ್ತದೆ, ಕೆಲವುಗಳಲ್ಲಿ ನೋಟಿಫಿಕೇಶನ್ಸ್ ಒಳಗೆ, ಹೊಸ ಆವೃತ್ತಿಗಳಲ್ಲಿ Modes ಎಂಬ ಹೆಸರಿನಡಿ. ಹುಡುಕುವ ಪಟ್ಟಿಯಲ್ಲಿ ಟೈಪ್ ಮಾಡುವುದೇ ಸಲೀಸು. ಒಳಗೆ People ಎಂಬಲ್ಲಿ ಕರೆಗಳಿಗೆ Starred contacts ಎಂದೂ, ಸಂದೇಶಗಳಿಗೆ None ಎಂದೂ ಆರಿಸಿ.

ಇಲ್ಲಿ ಎರಡು ಎಡವಟ್ಟು ಕಾದಿರುತ್ತವೆ. ಒಂದು, ಹಳೆಯ ನಕ್ಷತ್ರಗಳು. ಬೇಗ ಡಯಲ್ ಮಾಡಲು ಅನುಕೂಲವೆಂದು ಎಂದೋ ಕೊಳಾಯಿ ರಿಪೇರಿಯವನಿಗೂ ನಕ್ಷತ್ರ ಕೊಟ್ಟಿರುತ್ತೇವೆ. ಈಗ ಅವನಿಗೂ ನಡುರಾತ್ರಿಯ ಹಕ್ಕು ಸಿಕ್ಕಿತು. ನಕ್ಷತ್ರದ ಪಟ್ಟಿಯನ್ನು ಒಮ್ಮೆ ಮೇಲಿನಿಂದ ಕೆಳಗೆ ಓದಿ, ಬೇಡದವರದ್ದು ತೆಗೆಯಬೇಕು. ಇನ್ನೊಂದು, ಒಬ್ಬರದೇ ಎರಡು ನಮೂದು. ತಾಯಿಯ ಹಳೆಯ ನಂಬರು 'ಅಮ್ಮ' ಎಂದೂ, ಹೊಸದು 'ಅಮ್ಮ ಹೊಸದು' ಎಂದೂ ಬೇರೆ ಬೇರೆ ಇದ್ದರೆ ನಕ್ಷತ್ರ ಒಂದಕ್ಕೇ ಬಿದ್ದಿರುತ್ತದೆ, ಕರೆ ಇನ್ನೊಂದರಿಂದ ಬರುತ್ತದೆ. ಎರಡೂ ನಂಬರನ್ನು ಒಂದೇ ನಮೂದಿನೊಳಗೆ ಸೇರಿಸಿದರೆ ಒಂದು ನಕ್ಷತ್ರ ಎರಡಕ್ಕೂ ಸಾಕು.

ಪಟ್ಟಿಯಲ್ಲಿ ಎಷ್ಟೇ ಎಚ್ಚರ ವಹಿಸಿದರೂ ಒಂದು ಸಂದು ಉಳಿಯುತ್ತದೆ. ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ಹೆಂಗಸಿನ ಫೋನಿನ ಚಾರ್ಜು ಮುಗಿದು, ಅವಳು ಅಲ್ಲಿನ ಯಾರದೋ ಫೋನಿನಿಂದ ಕರೆ ಮಾಡಿದಳೆನ್ನಿ. ಆ ನಂಬರು ನಮ್ಮ ಪಟ್ಟಿಯಲ್ಲಿ ಎಲ್ಲಿಂದ ಬರಬೇಕು? ಇದಕ್ಕಾಗಿಯೇ Allow repeat callers ಎಂಬ ಗುಂಡಿ ಇದೆ. ಅದೇ ನಂಬರಿನಿಂದ 15 ನಿಮಿಷದೊಳಗೆ ಎರಡನೇ ಸಲ ಕರೆ ಬಂದರೆ, ಪಟ್ಟಿಯಲ್ಲಿ ಇರಲಿ ಬಿಡಲಿ, ಫೋನು ರಿಂಗಾಗುತ್ತದೆ. ಐಫೋನಿನಲ್ಲಿ ಇದೇ ಸೌಲಭ್ಯಕ್ಕೆ ಗಡುವು 3 ನಿಮಿಷ ಮಾತ್ರ. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಪೇಚು: ಮೊದಲ ಕರೆ ಎತ್ತಲಿಲ್ಲವೆಂದು ಐದು ನಿಮಿಷ ಕಾದು ಮತ್ತೆ ಪ್ರಯತ್ನಿಸುವ ಸಂಕೋಚದವರ ಕರೆ ಆಂಡ್ರಾಯ್ಡ್‌ನಲ್ಲಿ ಕೇಳಿಸುತ್ತದೆ, ಐಫೋನಿನಲ್ಲಿ ಇಲ್ಲ. 'ಎತ್ತದಿದ್ದರೆ ತಕ್ಷಣ ಇನ್ನೊಮ್ಮೆ ಮಾಡಿ' ಎಂದು ಮನೆಯವರಿಗೆ ಮೊದಲೇ ಹೇಳಿಡುವುದು ಯಾವ ಸೆಟ್ಟಿಂಗಿಗಿಂತಲೂ ಹೆಚ್ಚು ಕೆಲಸಕ್ಕೆ ಬರುತ್ತದೆ. ಹಟ ಹಿಡಿದ ರಾಂಗ್ ನಂಬರಿನವನೂ ಇದೇ ಸಂದಿನಲ್ಲಿ ನುಸುಳಬಹುದು ನಿಜ. ಆ ಬೆಲೆ ತೆರಬಹುದಾದದ್ದೇ. ವಾಟ್ಸ್ಆ್ಯಪಿನಂಥ ಇಂಟರ್ನೆಟ್ ಕರೆಗಳೂ ಇದೇ ನಿಯಮಕ್ಕೆ ಒಳಪಡುತ್ತವೆಂದು ಮಾತ್ರ ಪರೀಕ್ಷಿಸದೆ ನೆಚ್ಚಬೇಡಿ. ರಾತ್ರಿಯ ತುರ್ತಿಗೆ ಸಾದಾ ಫೋನ್ ಕರೆಯೇ ಲೇಸು.

ಇಷ್ಟೆಲ್ಲ ಮಾಡಿಯೂ ಅಮ್ಮನ ಕರೆ ಕೇಳಿಸಲಿಲ್ಲವೆಂದರೆ ಮೊದಲು ನೋಡಬೇಕಾದದ್ದು ರಿಂಗಿನ ವಾಲ್ಯೂಮ್. ಕಾವಲುಗಾರ ಬಾಗಿಲು ತೆರೆದರೂ ಗಂಟೆಯೇ ಮೂಕವಾಗಿದ್ದರೆ ಏನು ಬಂತು? Do Not Disturb ಹಾಕಿದ ಮೇಲೂ ಅಭ್ಯಾಸಬಲದಿಂದ ವಾಲ್ಯೂಮ್ ಸೊನ್ನೆಗೆ ಇಳಿಸುವವರೇ ಹೆಚ್ಚು. ಆಗ ನಕ್ಷತ್ರದವರ ಕರೆಯೂ ಬರಿದೇ ನಡುಗುತ್ತದೆ, ಹಾಸಿಗೆಯ ಮೇಲೆ ಅದು ಕೇಳಿಸುವುದಿಲ್ಲ. ಸಂಜೆ ಮೀಟಿಂಗ್‌ಗೆಂದು ವೈಬ್ರೇಟಿಗೆ ಹಾಕಿ ಮರೆತ ದಿನವೂ ಇದೇ ಕಥೆ. ಈ ಪದ್ಧತಿಗೆ ಒಗ್ಗಿಕೊಂಡ ಮೇಲೆ ರಿಂಗಿನ ವಾಲ್ಯೂಮನ್ನು ಮುಟ್ಟುವ ಅಗತ್ಯವೇ ಇರುವುದಿಲ್ಲ. ಹಗಲಾಗಲಿ ರಾತ್ರಿಯಾಗಲಿ ಅದು ಮುಕ್ಕಾಲು ಮಟ್ಟದಲ್ಲೇ ಇರಲಿ. ಐಫೋನಿನವರಿಗೆ ಇನ್ನೊಂದು ದಾರಿಯಿದೆ. ಕಾಂಟ್ಯಾಕ್ಟ್‌ನಲ್ಲಿ ಆ ವ್ಯಕ್ತಿಯ ಹೆಸರು ತೆರೆದು Edit ಒತ್ತಿ, Ringtone ಒಳಗೆ ಹೋದರೆ Emergency Bypass ಎಂಬ ಗುಂಡಿ ಕಾಣುತ್ತದೆ. ಅದನ್ನು ಹಾಕಿದರೆ ಫೋನು ಸೈಲೆಂಟ್‌ನಲ್ಲಿದ್ದರೂ ಅವರ ಕರೆ ರಿಂಗಾಗುತ್ತದೆ. ಸಂದೇಶಕ್ಕೆ Text Tone ಒಳಗೆ ಇಂಥದೇ ಇನ್ನೊಂದು ಗುಂಡಿ ಬೇರೆಯೇ ಇದೆ. ಅದನ್ನು ಮುಟ್ಟದಿರುವುದು ಕ್ಷೇಮ.

ಇನ್ನು ವೇಳೆ. ಶೆಡ್ಯೂಲ್‌ನಲ್ಲಿ ರಾತ್ರಿ 10.30ರಿಂದ ಬೆಳಿಗ್ಗೆ 6 ಎಂದು ಕೊಟ್ಟು ದಿನಗಳನ್ನು ಆರಿಸುವಾಗ ಒಂದು ಸೂಕ್ಷ್ಮವಿದೆ. ಆಂಡ್ರಾಯ್ಡ್ ಲೆಕ್ಕ ಹಿಡಿಯುವುದು ರಾತ್ರಿ ಶುರುವಾಗುವ ದಿನವನ್ನು. ಸೋಮವಾರದಿಂದ ಶುಕ್ರವಾರದವರೆಗೆ ಕೆಲಸ, ಅಷ್ಟೇ ದಿನ ಸಾಕು ಎಂದು ಆ ಐದನ್ನು ಒತ್ತಿದರೆ ಶುಕ್ರವಾರ ರಾತ್ರಿ, ಅಂದರೆ ರಜೆಯ ಹಿಂದಿನ ರಾತ್ರಿ, ಮೌನವಾಗಿರುತ್ತದೆ. ಭಾನುವಾರ ರಾತ್ರಿ ಗಲಾಟೆ. ಸೋಮವಾರ ಬೆಳಿಗ್ಗೆ ಬೇಗ ಏಳಬೇಕಾದವರು ಗುರುತು ಹಾಕಬೇಕಾದದ್ದು ಭಾನುವಾರಕ್ಕೆ. ಏಳೂ ದಿನ ಹಾಕಿಬಿಟ್ಟರೆ ಈ ತಲೆನೋವೇ ಇಲ್ಲ. ಅಲಾರಂ ಗತಿಯೇನು ಎಂದು ಹೆದರುವವರಿಗೆ: ಅಪವಾದಗಳ ಪಟ್ಟಿಯಲ್ಲಿ Alarms ಆನ್ ಆಗಿದೆಯೇ ಎಂದು ಒಮ್ಮೆ ನೋಡಿಕೊಂಡರೆ ಸಾಕು, ಅಲಾರಂನ ವಾಲ್ಯೂಮ್ ರಿಂಗಿನದಕ್ಕಿಂತ ಬೇರೆಯೇ ಇರುತ್ತದೆ.

ರಾತ್ರಿ ಪಟ್ಟಿಯಿಂದ ನಡೆದರೆ, ಹಗಲು ಕೆಲಸದ ಹೊತ್ತು ಸದ್ದಿನಿಂದ ನಡೆಯಬೇಕು. ಏಕೆಂದರೆ ಹಗಲಲ್ಲಿ ಕರೆಗಿಂತ ಸಂದೇಶಗಳೇ ಹೆಚ್ಚು, ಅವುಗಳಲ್ಲಿ ಕೆಲವು ನಿಜಕ್ಕೂ ಬೇಕಾದವು. 2017ರ ಆಂಡ್ರಾಯ್ಡ್ 8ರಿಂದ ಈಚೆಗೆ ಒಂದೊಂದು ಆ್ಯಪಿನ ನೋಟಿಫಿಕೇಶನ್‌ಗಳೂ ಒಳಗೇ ಬೇರೆ ಬೇರೆ ಚಾನೆಲ್‌ಗಳಾಗಿ ಬರುತ್ತವೆ. ಒಂದೇ ಆ್ಯಪಿನ ಜಾಹೀರಾತಿನ ಚಾನೆಲನ್ನು ಮುಚ್ಚಿ, ಕೆಲಸದ ಚಾನೆಲನ್ನು ಉಳಿಸಿಕೊಳ್ಳಬಹುದು. ಹುಡುಕಿಕೊಂಡು ಹೋಗುವುದೂ ಬೇಡ. ಕಿರಿಕಿರಿ ಮಾಡಿದ ನೋಟಿಫಿಕೇಶನ್ ಮೇಲೇ ಬೆರಳು ಒತ್ತಿ ಹಿಡಿದು Silent ಆರಿಸಿದರಾಯಿತು. ಅದು ಮುಂದೆಯೂ ಬರುತ್ತದೆ, ತುಟಿ ಬಿಚ್ಚದೆ ಕೆಳಗೆ ಕೂರುತ್ತದೆ. ಒಮ್ಮೆ ನಾವು ಹೀಗೆ ಬಾಯಿ ಮುಚ್ಚಿಸಿದ ಚಾನೆಲಿನ ಸದ್ದನ್ನು ಆ್ಯಪು ತಾನಾಗಿ ಮತ್ತೆ ಏರಿಸಲಾರದು. ಚಾಲಾಕಿ ಆ್ಯಪುಗಳು ಹೊಸ ಹೆಸರಿನಲ್ಲಿ ಹೊಸ ಚಾನೆಲು ತೆರೆಯುತ್ತವೆ, ಅದು ಬೇರೆ ಮಾತು.

ಹೀಗೆ ಬಹುಪಾಲು ಮೌನವಾದ ಮೇಲೆ ಉಳಿದ ಕೆಲವರಿಗೆ ಸದ್ದು ಹಂಚಬೇಕು. ವಾಟ್ಸ್ಆ್ಯಪಿನ ನೋಟಿಫಿಕೇಶನ್ ಸೆಟ್ಟಿಂಗಿನಲ್ಲಿ ಬಿಡಿ ಸಂದೇಶಕ್ಕೆ ಒಂದು, ಗುಂಪಿಗೆ ಇನ್ನೊಂದು ಟೋನ್ ಇಡಬಹುದು. ಗುಂಪಿನದು None ಆಗಲಿ. ಬಿಡಿ ಸಂದೇಶಕ್ಕೆ ಮೆಲುವಾದ ಒಂದು ಸದ್ದು. ಜೊತೆಗೆ ಕೆಲಸದಲ್ಲಿ ನಿಮ್ಮ ಉತ್ತರಕ್ಕೆ ಕಾಯುವ ಒಬ್ಬರಿದ್ದರೆ, ಅವರ ಹೆಸರು ತೆರೆದು ಅವರಿಗಷ್ಟೇ ಬೇರೆ ಟೋನ್. ಇಷ್ಟಕ್ಕೇ ನಿಲ್ಲಿಸಿ. ಹತ್ತು ಮಂದಿಗೆ ಹತ್ತು ಸದ್ದು ಕೊಟ್ಟವರು ಆ ಹತ್ತನ್ನು ನೆನಪಿಡಲಾರದೆ ಮತ್ತೆ ಪ್ರತಿ ಸಲ ಪರದೆ ನೋಡುತ್ತಾರೆ. ಸದ್ದು ಚಿಕ್ಕದಿರಲಿ, ಒಂದು ಸೆಕೆಂಡು ಮೀರದಿರಲಿ. ಮೆಚ್ಚಿನ ಹಾಡಿನ ತುಣುಕು ಬೇಡ, ತಿಂಗಳೊಳಗೆ ಹಾಡೂ ಬೇಸರವಾಗುತ್ತದೆ, ಕಳಿಸಿದವರೂ. ಪಕ್ಕದ ಮೇಜಿನವರ ಟೋನನ್ನೂ ಇಡಬೇಡಿ, ಅವರಿಗೆ ಬಂದದ್ದಕ್ಕೆಲ್ಲ ನಿಮ್ಮ ಕೈ ಜೇಬಿಗೆ ಹೋಗುತ್ತದೆ.

ಎಲ್ಲ ಮುಗಿದ ಮೇಲೆ ಪರೀಕ್ಷೆ. ನಿದ್ದೆಗೆ ಮೊದಲು, ಶೆಡ್ಯೂಲ್ ಶುರುವಾದ ಮೇಲೆ, ನಕ್ಷತ್ರವಿರುವ ಒಬ್ಬರಿಂದ ಕರೆ ಮಾಡಿಸಿ: ರಿಂಗಾಗಬೇಕು. ನಕ್ಷತ್ರವಿಲ್ಲದ ಒಬ್ಬರಿಂದ ಮಾಡಿಸಿ: ಆಗಬಾರದು. ಈ ಎರಡನೆಯ ಪರೀಕ್ಷೆಯಲ್ಲೇ ಜನ ಮೋಸ ಹೋಗುವುದು. ರಿಂಗಾಗಲಿಲ್ಲ, ಸರಿಯಾಗಿದೆ ಎಂದುಕೊಂಡವರು ಖಾತರಿಗಾಗಿ 'ಇನ್ನೊಂದು ಸಲ ಮಾಡಿ ನೋಡೋಣ' ಅನ್ನುತ್ತಾರೆ. ಈ ಸಲ ಫೋನು ಜೋರಾಗಿ ಕೂಗುತ್ತದೆ. ಎಲ್ಲ ಕೆಟ್ಟಿತೆಂದು ಸೆಟ್ಟಿಂಗ್ಸ್ ತೆರೆದು ಒಂದೊಂದನ್ನೇ ತಿರುಚಲು ಕೂರುತ್ತಾರೆ. ಕೆಟ್ಟದ್ದೇನೂ ಇಲ್ಲ. ಅದು 15 ನಿಮಿಷದೊಳಗಿನ ಎರಡನೇ ಕರೆ.