4.3 ಸ್ಟಾರ್ ಇದೆ, ಕೆಳಗೆ ಬರೀ ದೂರು!

ಈಗಷ್ಟೇ ಗೆಳೆಯನೊಬ್ಬ ಬ್ಲೂಟೂತ್ ಇಯರ್‌ಬಡ್ ಆರ್ಡರ್ ಮಾಡಿದ. 4.3 ಸ್ಟಾರ್ ಇತ್ತು. ಆದರೆ ಕೆಳಗೆ ಬರೆದವರಲ್ಲಿ ಎಷ್ಟೋ ಜನ "ಮೂರು ತಿಂಗಳಿಗೇ ಬಲಗಡೆಯದು ಚಾರ್ಜ್ ಆಗ್ತಿಲ್ಲ" ಅಂದಿದ್ದರು. ಸ್ವಲ್ಪ ಓದು ಮಾರಾಯ ಅಂದೆ. "ಸಾವಿರ ಜನ ಸುಳ್ಳು ಹೇಳ್ತಾರಾ?" ಅಂದ. ಈ ಮಾತು ಕೇಳಿದರೆ ನನಗೆ ರೇಗುತ್ತದೆ. ಅವರು ಸುಳ್ಳು ಹೇಳಬೇಕಿಲ್ಲ. ಅವರು ಹೇಳಿದ್ದು ಮೊದಲ ವಾರದ ಸುದ್ದಿ, ಅಷ್ಟೇ.

ಸ್ಟಾರ್ ಕೇಳುವುದು ಯಾವಾಗ? ಸಾಮಾನ್ಯವಾಗಿ ಪಾರ್ಸೆಲ್ ಬಂದ ಕೆಲವೇ ದಿನಕ್ಕೆ. ಡಬ್ಬಿ ಚೆನ್ನಾಗಿದೆ, ಸೌಂಡ್ ಚೆನ್ನಾಗಿದೆ, ಐದು ಒತ್ತಿದರೆ ಮುಗಿಯಿತು. ಬ್ಯಾಟರಿ ಎಷ್ಟು ದಿನ ಬಾಳುತ್ತದೆ ಅಂತ ಆಗ ಯಾರಿಗೆ ಗೊತ್ತಿರುತ್ತದೆ? ಮುಂದೆ ಕೆಟ್ಟರೂ ಹಳೆಯ ಸ್ಟಾರ್ ತಿದ್ದಲು ವಾಪಸ್ ಬರುವವರು ಕಡಿಮೆ.

ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಒಟ್ಟು 1000 ರೇಟಿಂಗ್ ಅಂತ ಇಟ್ಟುಕೊಳ್ಳಿ. 940 ಜನ ಬರೀ ಸ್ಟಾರ್ ಒತ್ತಿದ್ದಾರೆ, ಅವರ ಸರಾಸರಿ 4.4. ಉಳಿದ 60 ಜನ ಬರೆದಿದ್ದಾರೆ, ಅವರದು 2.5. ಎರಡೂ ಸೇರಿಸಿದರೆ 4.29 ಬರುತ್ತದೆ, ಅಂದರೆ ಪುಟದಲ್ಲಿ 4.3. ಬರೆದವರ ಸಿಟ್ಟೆಲ್ಲ ಸೇರಿ ಇಳಿಸಿದ್ದು ಸುಮಾರು 0.1!

"ವಸ್ತು ಕೆಟ್ಟುಹೋದವರೇ ಜಾಸ್ತಿ ಬರೆಯೋದು, ಖುಷಿಯಾದವರು ಸುಮ್ನಿರ್ತಾರೆ" ಅಂತ ನೀವು ಹೇಳಬಹುದು. ನಿಜ. ಅದಕ್ಕೇ 60ರಲ್ಲಿ 30 ಜನ ದೂರಿದರೆ ಅರ್ಧ ಮಾಲು ಕೆಟ್ಟಿದೆ ಅಂತ ನಾನು ಹೇಳುವುದಿಲ್ಲ. ನೂರಕ್ಕೆ ಎಷ್ಟು ಕೆಡುತ್ತದೆ ಅಂತ ಕಮೆಂಟ್ ನೋಡಿ ತಿಳಿಯುವುದಿಲ್ಲ. ಆದರೆ ಏನು ಕೆಡುತ್ತದೆ, ಯಾವಾಗ ಕೆಡುತ್ತದೆ ಅಂತ ತಿಳಿಯುತ್ತದೆ. ಸಿಟ್ಟಿನಲ್ಲಿ ಬರೆಯುವವರು ಒಬ್ಬೊಬ್ಬರು ಒಂದೊಂದು ಬೈಯುತ್ತಾರೆ. ಪರಸ್ಪರ ಗೊತ್ತಿಲ್ಲದ ಹತ್ತು ಜನ ಅದೇ ಬಲಗಡೆ, ಅದೇ ಮೂರು ತಿಂಗಳು ಅಂದರೆ ತೊಂದರೆ ವಸ್ತುವಿನಲ್ಲೇ ಇದೆ ಅಂತ ನಾನು ನಂಬುತ್ತೇನೆ.

ಹಾಗಾಗಿ ನಾನು ಮೊದಲು ಹೊಸ ಕಮೆಂಟ್ ಮೇಲೆ ಬರುವಂತೆ ಮಾಡುತ್ತೇನೆ. "ಪಾರ್ಸೆಲ್ ತಡ", "ಡಬ್ಬಿ ಹರಿದಿತ್ತು" ಅನ್ನುವುದನ್ನೆಲ್ಲ ಪಕ್ಕಕ್ಕಿಡುತ್ತೇನೆ, ಅದು ವಸ್ತುವಿನ ದೋಷ ಅಲ್ಲ. ಆಮೇಲೆ ಎರಡು, ಮೂರು ಸ್ಟಾರ್ ಕೊಟ್ಟವರನ್ನು ಓದುತ್ತೇನೆ. ಇವರು ಬೈಯಲು ಬಂದವರಲ್ಲ, ಎಷ್ಟು ದಿನ ಬಳಸಿದೆ, ಎಲ್ಲಿ ಕೈಕೊಟ್ಟಿತು ಅಂತ ಬರೆದಿರುತ್ತಾರೆ. ದೂರುಗಳೆಲ್ಲ ಈಚಿನ ತಿಂಗಳಲ್ಲೇ ಗುಂಪಾಗಿದ್ದರೆ ಮಾಲಿನ ಗುಣಮಟ್ಟ ಇಳಿದಿರಬಹುದು, ಹಳೆಯ ಸ್ಟಾರ್‌ಗಳು ಅದನ್ನು ಮುಚ್ಚಿಡುತ್ತವೆ.

ಇನ್ನೊಂದು ವಿಷಯ ಹೇಳಲೇಬೇಕು. ಎಷ್ಟೋ ಕಡೆ ಬೇರೆ ಬೇರೆ ಮಾಡೆಲ್‌ಗಳನ್ನು ಒಂದೇ ಪುಟದಲ್ಲಿ ಸೇರಿಸಿ ಒಂದೇ ರೇಟಿಂಗ್ ತೋರಿಸುತ್ತಾರೆ. ದೂರು ಬರೆದವರು ಕೊಂಡ ಮಾಡೆಲ್ ಯಾವುದು ಅಂತ ಕಮೆಂಟ್ ಪಕ್ಕದಲ್ಲೇ ಇದ್ದರೆ ನೋಡಿ. ಗೆಳೆಯ ಆರಿಸಿದ ಮಾಡೆಲ್‌ಗೇ ಆ ದೂರುಗಳೆಲ್ಲ ಇದ್ದವು. ಕ್ಯಾನ್ಸಲ್ ಮಾಡಲು ಇನ್ನೂ ಸಮಯ ಇದೆ ಅಂತ ಅವನಿಗೆ ಮೆಸೇಜ್ ಹಾಕಿದ್ದೇನೆ.