ಶೆಲ್ಲಿಗೆ ಎರಡು, ವಾಷರಿಗೆ ಎಂಟು

ಪಕ್ಕದ ಮನೆಯ ಹುಡುಗಿಗೆ ಗಣಿತದ ಒಂದು ಲೆಕ್ಕಕ್ಕೆ ಮರುಮೌಲ್ಯಮಾಪನದಲ್ಲೂ ಎಂಟಕ್ಕೆ ಎರಡೇ ಅಂಕ ಬಂದಿದೆ. ಉತ್ತರವೇನೋ ಸರಿ. ಆದರೆ ಘನಫಲ ಹುಡುಕುವ ಎರಡು ದಾರಿಗಳಲ್ಲಿ ಅದನ್ನು ಶೆಲ್ ದಾರಿಯಲ್ಲಿ ತಂದಿದ್ದಾಳೆ, ಮೌಲ್ಯಮಾಪಕರ ಕೈಯಲ್ಲಿರುವ ಮಾದರಿ ಉತ್ತರದ ಸ್ಕೀಮಿನಲ್ಲಿರುವುದು ವಾಷರ್! ಬಸವನಗುಡಿಗೆ ಹೋಗಲು ಜಯನಗರದ ಬಸ್ಸು ಹತ್ತಿದವರಿಗೆ ಬಸವನಗುಡಿ ಸಿಕ್ಕಿದರೂ ಸಿಕ್ಕಿಲ್ಲವೆಂದೇ ನಮ್ಮ ಮೌಲ್ಯಮಾಪಕರ ತೀರ್ಮಾನ. ಎಂಥ ಶಿಸ್ತು!

ಲೆಕ್ಕ ಇಷ್ಟೇ. y = x − x³ ವಕ್ರರೇಖೆಗೂ x ಅಕ್ಷಕ್ಕೂ ನಡುವೆ, 0 ರಿಂದ 1 ರವರೆಗಿನ ಗುಡ್ಡವನ್ನು y ಅಕ್ಷದ ಸುತ್ತ ತಿರುಗಿಸಿದರೆ ಘನಫಲವೆಷ್ಟು? ನೆಟ್ಟಗೆ ನಿಂತ ತೆಳು ಪಟ್ಟಿಯೊಂದನ್ನು ಹುಡುಗಿ ತೆಗೆದುಕೊಂಡಳು. ಅದು ಅಕ್ಷಕ್ಕೆ ಸಮಾಂತರ, ತಿರುಗಿದರೆ ಈರುಳ್ಳಿಯ ಪದರದಂಥ ಟೊಳ್ಳು ಕೊಳವೆ; ಅದೇ ಶೆಲ್. ಪರಿಧಿ 2πx, ಎತ್ತರ x − x³. ಗುಣಿಸಿ ಅನುಕಲಿಸಿದರೆ 2π(1/3 − 1/5), ಅಂದರೆ 4π/15. ಎರಡು ಸಾಲಿನಲ್ಲಿ ಮುಗಿಯಿತು.

ಈಗ ಸ್ಕೀಮಿನ ವಾಷರ್. ಅಕ್ಷಕ್ಕೆ ಲಂಬವಾಗಿ, ಅಡ್ಡಡ್ಡ ಕೊಯ್ಯಬೇಕು. ಪ್ರತಿ ಹೋಳೂ ಉದ್ದಿನ ವಡೆಯಂತೆ ನಡುವೆ ತೂತು. ಹೊರ ವೃತ್ತದ ವಿಸ್ತೀರ್ಣದಿಂದ ತೂತಿನದನ್ನು ಕಳೆದರೆ ಆಯಿತು. (ತ್ರಿಜ್ಯಗಳನ್ನು ಮೊದಲು ಕಳೆದು ಆಮೇಲೆ ವರ್ಗ ಮಾಡುವವರು ವಡೆ ತಿನ್ನಲೂ ಅನರ್ಹರು.) ಆದರೆ ಆ ತ್ರಿಜ್ಯಗಳೆರಡೂ ಎಲ್ಲಿವೆ? x³ − x + y = 0 ಸಮೀಕರಣದ ಎರಡು ಧನ ಮೂಲಗಳಲ್ಲಿ. ಇದರ ಮೂರು ಮೂಲಗಳೂ ವಾಸ್ತವವಾದ್ದರಿಂದ, ಕಾರ್ಡಾನೊ 1545ರಲ್ಲಿ ಪ್ರಕಟಿಸಿದ ಸೂತ್ರವನ್ನು ಹಾಕಿದರೆ ಋಣಸಂಖ್ಯೆಯ ವರ್ಗಮೂಲ ಎದುರಿಗೆ ಬಂದು ನಿಲ್ಲುತ್ತದೆ. ಸ್ಕೀಮ್ ಬರೆದವರು ಇದನ್ನು ಹೇಗೆ ದಾಟಿದರು? ‘ಸುಲಭೀಕರಿಸಿದಾಗ’ ಎಂದು ಬರೆದು ಮುಂದಿನ ಸಾಲಿಗೆ 4π/15 ಇಳಿಸಿದ್ದಾರೆ. ಹನುಮಂತನೂ ಸಮುದ್ರ ದಾಟುವಾಗ ಇಷ್ಟು ಹಗುರವಾಗಿ ಹಾರಿರಲಿಕ್ಕಿಲ್ಲ.

ವಾಷರ್ ಎಂದಾಗ ನೆನಪಾಯಿತು. ನಮ್ಮ ಮನೆಯ ನಲ್ಲಿ ಸೋರಿದಾಗ ಬಂದ ಪ್ಲಂಬರ್ ಮೊದಲು ಸುತ್ತ ಒಮ್ಮೆ ನೋಡಿ, ‘ಸ್ಪ್ಯಾನರ್ ಯಾವ ಕಡೆಯಿಂದ ಹೋಗುತ್ತದೋ ಆ ಕಡೆಯಿಂದ ಬಿಚ್ಚೋಣ ಸಾರ್’ ಎಂದ. ಆತನನ್ನು ಮೌಲ್ಯಮಾಪನಕ್ಕೆ ಕರೆಸಬೇಕಿತ್ತು.

ಶೆಲ್ ಏನೂ ಕುಲದೇವರಲ್ಲ. ಅದೇ ಗುಡ್ಡವನ್ನು x ಅಕ್ಷದ ಸುತ್ತ ತಿರುಗಿಸಿ: ಅದೇ ನಿಂತ ಪಟ್ಟಿ ಈಗ ಅಕ್ಷಕ್ಕೆ ಲಂಬ, ತಿರುಗಿದರೆ ತೂತಿಲ್ಲದ ತಟ್ಟೆ. x − x³ ದ ವರ್ಗವನ್ನು π ಯಿಂದ ಗುಣಿಸಿ ಅನುಕಲಿಸಿದರೆ 8π/105. ಅಲ್ಲಿ ಶೆಲ್ ಎಂದು ಹಟ ಹಿಡಿದವರು ಮತ್ತೆ ಅದೇ ಘನ ಸಮೀಕರಣದ ಗುಂಡಿಗೆ ಬೀಳುತ್ತಾರೆ. ಪಟ್ಟಿಯನ್ನು ಯಾವ ದಿಕ್ಕಿಗೆ ನಿಲ್ಲಿಸಿದರೆ ಸಮೀಕರಣ ಬಿಡಿಸಬೇಕಾಗಿಲ್ಲ ಎಂದು ಮೊದಲು ನೋಡಬೇಕು. ಅದು ಅಕ್ಷಕ್ಕೆ ಸಮಾಂತರವಾದರೆ ಶೆಲ್, ಲಂಬವಾದರೆ ವಾಷರ್. ಈ ಪಾಠದಲ್ಲಿ ಯೋಚಿಸಬೇಕಾದದ್ದು ಇದೊಂದೇ. ಯೋಚಿಸಿದ್ದಕ್ಕೇ ಆರು ಅಂಕ ಕಿತ್ತುಕೊಂಡರು. ಶುಲ್ಕ ಕಟ್ಟಿಸಿಕೊಂಡು ಎರಡನೆಯ ಸಲವೂ ಕಿತ್ತುಕೊಂಡರು. ನನಗೆ ನಗು ಬರುತ್ತಿಲ್ಲ.

ನಿನ್ನೆ ಹುಡುಗಿ ಮೆಟ್ಟಿಲ ಮೇಲೆ ಕುಳಿತು ಅಭ್ಯಾಸ ಮಾಡುತ್ತಿದ್ದಳು. ಏನಮ್ಮಾ ಎಂದೆ. ‘ಈಗ ಎಲ್ಲವನ್ನೂ ವಾಷರಿನಲ್ಲೇ ಮಾಡುತ್ತೇನೆ ಅಂಕಲ್. ಸುಲಭೀಕರಿಸಿದಾಗ ಎಂದು ಬರೆಯುವುದನ್ನು ಕಲಿತಿದ್ದೇನೆ’ ಎಂದಳು.