ಮೀಟರ್ ನೋಡಬೇಡಿ, ಬಿಲ್ಲಿನ ತಾರೀಖು ನೋಡಿ

ಹಳೆ ಕಾರು ತಗೊಳ್ಳೋರು ಮೊದಲು ಬಗ್ಗಿ ಮೀಟರ್ ನೋಡುತ್ತಾರೆ. ಆಮೇಲೆ ಪೆಡಲ್ ರಬ್ಬರ್ ಸವೆದಿದೆಯಾ ಅಂತ ನೋಡುತ್ತಾರೆ. ರಬ್ಬರ್ ಬದಲಾಯಿಸೋಕೆ ಎಷ್ಟು ಹೊತ್ತು ಬೇಕು ಹೇಳಿ? ಮೀಟರನ್ನೂ ಇವತ್ತು ಬಿಚ್ಚಲೇಬೇಕು ಅಂತಿಲ್ಲ, ಕೇಬಲ್ ಸಿಕ್ಕಿಸಿ ಅಂಕಿ ಇಳಿಸುವವರಿದ್ದಾರೆ. ನನ್ನ ಪ್ರಕಾರ ಮೊದಲು ಓದಬೇಕಾದ್ದು ಸರ್ವಿಸ್ ಫೈಲು.

ಹೋದ ತಿಂಗಳು ನಮ್ಮ ಭಾವನಿಗಾಗಿ ಮಂಡ್ಯದಲ್ಲಿ ಒಂದು ಡೀಸೆಲ್ ಕಾರು ನೋಡಿದೆವು. 2016ರ ಜುಲೈ ಗಾಡಿ, KA-11 ನಂಬರ್, ಮೀಟರಿನಲ್ಲಿ 62,000. ಫೈಲು ದಪ್ಪಗಿತ್ತು. ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಒಂದು ಹಾಳೆಯಲ್ಲಿ ತಾರೀಖು, ಪಕ್ಕದಲ್ಲಿ ಕಿಲೋಮೀಟರ್ ಬರೆದೆ. 2017ರ ಜುಲೈಗೆ 22,600. 2018ರ ಮಾರ್ಚ್‌ಗೆ 38,900. ಅಂದ್ರೆ ತಿಂಗಳಿಗೆ ಸುಮಾರು ಎರಡು ಸಾವಿರ. ಚೆನ್ನಾಗಿ ಓಡಾಡೋ ಗಾಡಿ ಅಂತ ಅಲ್ಲೇ ಗೊತ್ತಾಗುತ್ತೆ.

ಆಮೇಲೆ ಸುಮಾರು ನಾಲ್ಕು ವರ್ಷ ಬಿಲ್ಲೇ ಇಲ್ಲ. ಮುಂದಿನದು 2022ರ ಜನವರಿ, 52,100. ಲಾಕ್‌ಡೌನ್ ಇತ್ತಲ್ಲ ಸಾರ್, ನಿಂತೇ ಇತ್ತು ಅಂದರು ಬ್ರೋಕರ್. ಆದರೆ 2018, 2019ರಲ್ಲಿ ಲಾಕ್‌ಡೌನ್ ಎಲ್ಲಿತ್ತು?

ಕೊನೆಯ ಎರಡು ಬಿಲ್ಲು ಹೊರಗಿನ ಗ್ಯಾರೇಜಿನವು, ಕೈಬರಹ. ಒಂದು ಜನವರಿ, ಇನ್ನೊಂದು ಜುಲೈ. ಬಿಲ್ ನಂಬರ್ 341, 342! ಆರು ತಿಂಗಳು ಆ ಗ್ಯಾರೇಜಿಗೆ ಬೇರೆ ಗಿರಾಕಿಯೇ ಬರಲಿಲ್ಲವಾ? ಶಾಯಿಯೂ ಒಂದೇ, ಕೈಯೂ ಒಂದೇ.

ಅಡ್ವಾನ್ಸ್ ಕೊಡೋ ಮಾತು ಪಕ್ಕಕ್ಕಿಟ್ಟು, ಓನರ್‌ನನ್ನೇ ಕರೆದುಕೊಂಡು ಕಂಪನಿ ಸರ್ವಿಸ್ ಸೆಂಟರಿಗೆ ಹೋದೆವು. ಗಾಡಿ ನಂಬರ್ ಹಾಕಿದರೆ ಹಿಂದಿನ ಸರ್ವಿಸ್ ಎಲ್ಲಾ ಬರುತ್ತೆ. ಕೆಲವು ಕಡೆ ಓನರ್ ಫೋನಿಗೆ ಒಟಿಪಿ ಕಳಿಸುತ್ತಾರೆ, ಆದ್ದರಿಂದ ಅವರು ಜೊತೆಗಿದ್ದರೆ ಒಳ್ಳೇದು. ಆರ್‌ಸಿಯಲ್ಲಿರುವ ಚಾಸಿ ನಂಬರ್ ಕೂಡ ಹೊಂದುತ್ತಾ ನೋಡಿ. ಪ್ರಿಂಟಿನಲ್ಲಿ ಫೈಲಿನಿಂದ ಕಾಣೆಯಾಗಿದ್ದ ಎರಡು ಸಾಲು ಸಿಕ್ಕವು: 2019ರ ಜೂನ್‌ಗೆ 69,400, 2020ರ ಜನವರಿಗೆ 83,000. 83,000 ಮುಟ್ಟಿದ ಗಾಡಿ ಎರಡು ವರ್ಷ ಆದಮೇಲೆ 52,100ಕ್ಕೆ ಇಳಿದಿದೆ. ಓನರ್ ಎರಡನೆಯವರು, ಅವರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತೆ, ಮುಖ ಇಳಿದುಹೋಯಿತು. ಬ್ರೋಕರ್ ಮಾತ್ರ ರೇಟು ಇಳಿಸೋಕೆ ಶುರು ಮಾಡಿದರು. ನಾವು ಬಿಟ್ಟು ಬಂದೆವು. ಮೀಟರ್ ಸುಳ್ಳು ಅಂದಮೇಲೆ ನಿಜವಾದ ಓಟ ಎಷ್ಟು ಅಂತ ಗೊತ್ತಿಲ್ಲ, ಯಾವ ರೇಟಿಗೆ ಕೇಳೋದು?

ಇದರಲ್ಲೂ ಒಂದು ಕೊರತೆ ಇದೆ. ಮೊದಲಿಂದ ಹೊರಗಡೆಯೇ ಸರ್ವಿಸ್ ಮಾಡಿಸಿದ ಗಾಡಿಗೆ ಕಂಪನಿ ದಾಖಲೆ ಇರಲ್ಲ. ಆಗ ಆ ಗ್ಯಾರೇಜಿಗೇ ಹೋಗಿ ಬಿಲ್ ಬುಕ್ಕಿನ ಕಾರ್ಬನ್ ಪ್ರತಿ ತೋರಿಸಿ ಅನ್ನಿ. ಮೀಟರ್ ಕೆಟ್ಟು ಹೊಸದು ಹಾಕಿಸಿರೋ ಗಾಡಿಗಳೂ ಇವೆ, ಎಲ್ಲವೂ ಮೋಸವಲ್ಲ. ಹಾಗಿದ್ದರೆ ಆ ಕೆಲಸದ ಬಿಲ್ಲೂ, ತೆಗೆದ ಮೀಟರಿನ ರೀಡಿಂಗೂ ಎಲ್ಲೋ ಒಂದು ಕಡೆ ಇರಬೇಕು, ಕೇಳಿ. ಸುಮ್ನೆ ಬಾಯಿಮಾತಿನಲ್ಲಿ ಹೇಳಿದರೆ ದುಡ್ಡು ಕೊಡಬೇಡಿ.